ದುಡ್ಡು ಕಟ್ ಆಗಿದೆ, ಹೋಗಿಲ್ಲ: ಒಂದು ಯುಪಿಐ ಎಫ್‌ಎಕ್ಯೂ ಪುಟ ಡಿಸಿಷನ್ ಟ್ರೀ ಆದ ಪ್ರಕರಣ

ಒಂದು ಸಹಕಾರಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಯುಪಿಐ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆ, ಅವುಗಳ ಉತ್ತರ ಇರುವ ಉದ್ದನೆಯ ಎಫ್‌ಎಕ್ಯೂ ಪುಟ ಇತ್ತು. ಯುಪಿಐ ಅಂದರೇನು ಎಂಬಲ್ಲಿಂದ ಶುರುವಾಗಿ ಮೋಸ ಹೋದರೆ ಏನು ಮಾಡಬೇಕು ಎಂಬಲ್ಲಿಗೆ ಮುಗಿಯುತ್ತಿತ್ತು. ಸಹಾಯವಾಣಿಯಲ್ಲಿ ಕೂತವರಿಗೂ ಅದೇ ಪುಟ ಗತಿ. ಕರೆ ಬಂದ ಕೂಡಲೇ ಪುಟ ತೆಗೆದು, ಒಂದು ಪದ ಹಾಕಿ ಹುಡುಕಿ, ಸಿಕ್ಕ ಉತ್ತರವನ್ನು ಓದಿ ಹೇಳುತ್ತಿದ್ದರು. ಒಂದೇ ದೂರಿಗೆ ಮೂವರು ಮೂರು ಉತ್ತರ ಕೊಡುತ್ತಿದ್ದರು. ಕೊಟ್ಟ ಉತ್ತರ ತಪ್ಪೇನೂ ಅಲ್ಲ, ಆದರೆ ಎಷ್ಟೋ ಸಲ ಅದು ಬೇರೆ ಯಾರದೋ ಸಮಸ್ಯೆಗೆ ಸರಿಯಾದ ಉತ್ತರ ಆಗಿರುತ್ತಿತ್ತು. ಈ ಪುಟವನ್ನು ಕರೆ ತೆಗೆಯುವವರು ಮಾತಾಡುತ್ತಲೇ ಅನುಸರಿಸಬಹುದಾದ, ಒಂದೊಂದು ಉತ್ತರಕ್ಕೂ ಮುಂದಿನ ಪ್ರಶ್ನೆಗೆ ಕವಲೊಡೆಯುವ ಡಿಸಿಷನ್ ಟ್ರೀ ಮಾಡಿಕೊಡುವ ಕೆಲಸ ನನಗೆ ಬಂತು.

ಎಫ್‌ಎಕ್ಯೂ ಓದುವವನು ತನ್ನ ಪ್ರಶ್ನೆಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಫೋನಿನಲ್ಲಿ ಆ ಆಯ್ಕೆ ಕರೆ ತೆಗೆದವರ ತಲೆಗೆ ಬರುತ್ತದೆ. ಫೋನ್ ಮಾಡಿದವರು ಹೇಳುವುದು ಒಂದೇ ಮಾತು: "ಮೇಡಂ, ದುಡ್ಡು ಕಟ್ ಆಗಿದೆ, ಹೋಗಿಲ್ಲ." ಈ ಒಂದು ಮಾತಿಗೆ ಆ ಪುಟದಲ್ಲಿ ಐದಾರು ಉತ್ತರಗಳಿದ್ದವು, ಅವೂ ಬೇರೆ ಬೇರೆ ಕಡೆ ಚದುರಿಕೊಂಡು. ಅಂಗಡಿಗೆ ಕಟ್ಟಿದ್ದು ಒಂದು ಕಡೆ, ಗೆಳೆಯನಿಗೆ ಕಳಿಸಿದ್ದು ಇನ್ನೊಂದು ಕಡೆ, ತಪ್ಪು ನಂಬರಿಗೆ ಹೋದದ್ದು ಕೆಳಗೆಲ್ಲೋ. ಹಾಗಾಗಿ ಉತ್ತರಗಳನ್ನು ಹೊಸದಾಗಿ ಬರೆಯುವುದಕ್ಕಿಂತ, ಯಾವ ಉತ್ತರ ಯಾರಿಗೆ ಎಂದು ಬೇರ್ಪಡಿಸುವ ಪ್ರಶ್ನೆಗಳನ್ನು ಹುಡುಕುವುದೇ ನಿಜವಾದ ಕೆಲಸವಾಯಿತು.

ಉತ್ತರದೊಳಗೆ ಅಡಗಿದ ಪ್ರಶ್ನೆಗಳು

ಮೊದಲು ಪುಟವನ್ನು ಪ್ರಿಂಟ್ ತೆಗೆದು, ಪ್ರತಿ ಉತ್ತರದಲ್ಲೂ "ಆದರೆ", "ಒಂದು ವೇಳೆ", "ಅಂಥ ಸಂದರ್ಭದಲ್ಲಿ" ಎಂದು ಬಂದಲ್ಲೆಲ್ಲ ಗೆರೆ ಹಾಕಿದೆವು. ಪುಟದಲ್ಲಿದ್ದ ಒಂದು ಉತ್ತರ ಹೀಗಿತ್ತು: "ನಿಮ್ಮ ಖಾತೆಯಿಂದ ಹಣ ಕಡಿತವಾಗಿದ್ದು, ಸ್ವೀಕರಿಸುವವರಿಗೆ ಜಮೆಯಾಗದಿದ್ದಲ್ಲಿ ಹಣ ಸ್ವಯಂಚಾಲಿತವಾಗಿ ಹಿಂತಿರುಗುತ್ತದೆ. ಇದಕ್ಕೆ 3ರಿಂದ 5 ಕೆಲಸದ ದಿನಗಳು ಬೇಕಾಗಬಹುದು."

ಓದಲು ಒಂದೇ ಉತ್ತರ, ಒಳಗೆ ಮೂರು ಪ್ರಶ್ನೆ. ಹಣ ನಿಜವಾಗಿಯೂ ಖಾತೆಯಿಂದ ಹೋಗಿದೆಯಾ? ಆಚೆಯವರಿಗೆ ಜಮೆ ಆಗಿಲ್ಲ ಅಂತ ಯಾರು ಹೇಳಿದ್ದು? ಕಳಿಸಿದ್ದು ಒಬ್ಬ ವ್ಯಕ್ತಿಗೋ, ಅಂಗಡಿಗೋ? ಮೂರನೆಯದನ್ನು ಆ ಪುಟ ಕೇಳಿಯೇ ಇರಲಿಲ್ಲ. ಗಡುವು ನಿಂತಿರುವುದೇ ಅದರ ಮೇಲೆ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಇದನ್ನು ಬಿಡಿಸಿ ಹೇಳುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಜಮೆ ಆಗದಿದ್ದರೆ ವಹಿವಾಟಿನ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದು ಅಲ್ಲಿ ಖಾತ್ರಿ ಆಗದಿದ್ದರೆ ಐದು ದಿನದೊಳಗೆ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ಗ್ರಾಹಕ ಬೇಡಿ ಪಡೆಯಬೇಕಿಲ್ಲ, ಬ್ಯಾಂಕೇ ಹಾಕಬೇಕು. ದಿನ ಅಂದರೆ ಕ್ಯಾಲೆಂಡರಿನ ದಿನ, ಭಾನುವಾರವೂ ಲೆಕ್ಕಕ್ಕೆ ಬರುತ್ತದೆ. ಪುಟದಲ್ಲಿ "ಕೆಲಸದ ದಿನಗಳು" ಎಂದಿತ್ತಲ್ಲ, ಅದು ಸುಮ್ನೆ ಯಾರೋ ರೂಢಿಯ ಮೇಲೆ ಬರೆದದ್ದು. ವೆಬ್‌ಸೈಟಿನಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಟ್ರೀಯಲ್ಲಿ ಪ್ರತಿ ತುದಿಗೂ ಒಂದು ತಾರೀಖು ಹೇಳಲೇಬೇಕಾದ್ದರಿಂದ ತಾನಾಗಿ ಹೊರಬಂತು.

ಎಲ್ಲ ಪ್ರಶ್ನೆಗಳೂ ಟ್ರೀಗೆ ಹೋಗಲಿಲ್ಲ. "ಯುಪಿಐಗೆ ಶುಲ್ಕ ಇದೆಯಾ", "ಒಂದೇ ಆ್ಯಪ್‌ಗೆ ಎರಡು ಬ್ಯಾಂಕ್ ಸೇರಿಸಬಹುದಾ" ಅಂಥವುಗಳಲ್ಲಿ ಕವಲೇ ಇಲ್ಲ. ಕೇಳಿದರು, ಹೇಳಿದೆವು, ಮುಗಿಯಿತು. ಅವನ್ನು ಬೇರೆ ಹಾಳೆಗೆ ಹಾಕಿ ಬಿಟ್ಟೆವು. ಅವನ್ನೂ ಟ್ರೀಗೆ ತುರುಕಿದರೆ ನಿಜವಾದ ಕವಲುಗಳು ಕಾಣದಂತೆ ಮುಚ್ಚಿಹೋಗುತ್ತವೆ.

ಯಾರಿಗೆ ಗೊತ್ತಿರುತ್ತದೆ?

ಹೊರಬಂದ ಪ್ರಶ್ನೆಗಳ ಪಕ್ಕದಲ್ಲಿ ಒಂದು ಗುರುತು ಹಾಕಿದೆವು: ಇದಕ್ಕೆ ಉತ್ತರ ಕರೆ ಮಾಡಿದವರಿಗೆ ಗೊತ್ತಿರುತ್ತದಾ, ನಮ್ಮ ಸ್ಕ್ರೀನಿನಲ್ಲಿ ಕಾಣುತ್ತದಾ, ಅಥವಾ ಇಬ್ಬರಿಗೂ ಗೊತ್ತಾಗುವುದಿಲ್ಲವಾ? ಇಡೀ ಕೆಲಸದಲ್ಲಿ ನನಗೆ ಅತಿ ಉಪಯುಕ್ತ ಅನ್ನಿಸಿದ್ದು ಈ ಗುರುತೇ.

"ದುಡ್ಡು ಕಟ್ ಆಗಿದೆಯಾ" ಎಂದು ಗ್ರಾಹಕರನ್ನು ಕೇಳಿ ಉಪಯೋಗವಿಲ್ಲ. ಅವರು ಹೌದು ಅನ್ನುತ್ತಾರೆ, ಅದಕ್ಕೇ ತಾನೆ ಫೋನ್ ಮಾಡಿದ್ದು? ಖಾತೆಯ ವಿವರ ತೆಗೆದು ನೋಡಿದರೆ ಮೂರರಲ್ಲಿ ಒಂದು ಕಾಣುತ್ತದೆ. ಹಣ ಹೋಗಿಯೇ ಇರುವುದಿಲ್ಲ. ಅಥವಾ ಹೋಗಿ ಆಗಲೇ ವಾಪಸ್ ಬಂದಿರುತ್ತದೆ, ಎಸ್ಸೆಮ್ಮೆಸ್ ನೋಡಿರುವುದಿಲ್ಲ. ಇಲ್ಲವೇ ಹೋಗಿದ್ದು ಹೋಗಿಯೇ ಇರುತ್ತದೆ. ಎಷ್ಟೋ ಕರೆಗಳು ಎರಡನೆಯದರಲ್ಲೇ ಮುಗಿದುಹೋಗುತ್ತವೆ. ಆದ್ದರಿಂದ ಇದನ್ನು ಕೇಳುವುದಿಲ್ಲ, ನೋಡುತ್ತೇವೆ.

ವ್ಯಕ್ತಿಯೋ ಅಂಗಡಿಯೋ ಎಂಬುದೂ ಹಾಗೆಯೇ. "ಅಂಗಡಿಗೆ ಕಟ್ಟಿದೆ" ಅಂತ ಗ್ರಾಹಕರು ಹೇಳುತ್ತಾರೆ. ಆದರೆ ಬೀದಿ ಬದಿಯ ತರಕಾರಿ ಅಂಗಡಿಯಲ್ಲಿ ಅಂಟಿಸಿರುವುದು ಮಾಲೀಕರ ಸ್ವಂತ ಖಾತೆಯ ಕ್ಯೂಆರ್ ಆಗಿರಬಹುದು. ಗ್ರಾಹಕರ ಕಣ್ಣಿಗೆ ಅಂಗಡಿ, ವ್ಯವಸ್ಥೆಯ ಲೆಕ್ಕಕ್ಕೆ ವ್ಯಕ್ತಿ. ಬ್ಯಾಂಕಿನ ಯುಪಿಐ ಪೋರ್ಟಲ್‌ನಲ್ಲಿ ವಹಿವಾಟಿನ ಬಗೆ ವ್ಯಕ್ತಿಗಾದರೆ P2P, ಅಂಗಡಿಗಾದರೆ P2M ಎಂದು ಬರೆದಿರುತ್ತದೆ, ಅದನ್ನೇ ನಂಬಬೇಕು. ಗಡುವು ಒಂದು ದಿನವೋ ಐದು ದಿನವೋ ಎಂಬುದು ಅದರ ಕೊನೆಯ ಅಕ್ಷರದ ಮೇಲೆ ನಿಂತಿದೆ.

ಇನ್ನು ಗ್ರಾಹಕರನ್ನೇ ಕೇಳಬೇಕಾದ್ದು ಆ್ಯಪ್ ಏನು ತೋರಿಸುತ್ತಿದೆ ಎಂಬುದು. ಇಲ್ಲೂ "ಸ್ಟೇಟಸ್ ಏನಿದೆ" ಎಂದರೆ ಕೆಲವರಿಗೆ ಗೊತ್ತಾಗುವುದಿಲ್ಲ. "ಆ್ಯಪ್ ತೆಗೆದು ಆ ಪೇಮೆಂಟ್ ಒತ್ತಿ. ಹಸಿರು ಇದೆಯಾ, ಹಳದಿ ಇದೆಯಾ, ಕೆಂಪು ಇದೆಯಾ?" ಎಂದು ಬರೆದು ನೋಡಿದೆವು. ಆ್ಯಪಿನಿಂದ ಆ್ಯಪಿಗೆ ಬಣ್ಣ ಬದಲಾಗಬಹುದು ಅನ್ನಿಸಿ, ಕೊನೆಗೆ "ಅಲ್ಲಿ ಇಂಗ್ಲಿಷ್‌ನಲ್ಲಿ ಏನು ಬರೆದಿದೆ, ಹಾಗೇ ಓದಿ" ಎಂದು ಮಾಡಿದೆವು. ಓದಲು ಬಾರದವರಿಗೆ "ಮನೆಯಲ್ಲಿ ಯಾರಿಗಾದರೂ ಕೊಡ್ತೀರಾ" ಎಂಬ ಸಾಲೂ ಉಂಟು. ಫೋನ್ ಕೈ ಬದಲಾದ ಮೇಲೆ ಖಾತೆಯ ವಿವರ ಹೇಳಬಾರದು ಎಂಬ ಎಚ್ಚರಿಕೆಯನ್ನೂ ಅಲ್ಲೇ ಕೆಳಗೆ ಸೇರಿಸಿದೆವು.

ಮೊದಲ ಪ್ರಶ್ನೆ ಯಾವುದು

ಎಫ್‌ಎಕ್ಯೂದಲ್ಲಿ ಮೋಸದ ವಿಷಯ ಕೊನೆಗೆ ಇತ್ತು. ಟ್ರೀಯಲ್ಲಿ ಅದು ಮೊದಲಿಗೆ ಬಂತು. ಅಂಗಡಿಯ ಹಣ ನಾಲ್ಕು ದಿನ ತಡವಾದರೆ ಸಿಟ್ಟು ಬರುತ್ತದೆ, ಹಣ ಎಲ್ಲೂ ಹೋಗುವುದಿಲ್ಲ. ಮೋಸಗಾರನ ಖಾತೆಗೆ ಹೋದ ಹಣ ಮಾತ್ರ ಅಲ್ಲಿಂದ ಇನ್ನೊಂದು ಖಾತೆಗೆ, ಮತ್ತೊಂದಕ್ಕೆ ಸರಸರ ಹೊರಟುಬಿಡುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದರೆ ದಾರಿಯಲ್ಲಿರುವ ಹಣವನ್ನು ತಡೆದು ನಿಲ್ಲಿಸುವ ಅವಕಾಶ ಇರುತ್ತದೆ.

ಕರಡಿನಲ್ಲಿ ಮೊದಲ ಪ್ರಶ್ನೆ ಹೀಗಿತ್ತು: "ಈ ಪೇಮೆಂಟ್ ನೀವೇ ಮಾಡಿದ್ದಾ?" ಇಲ್ಲ ಎಂದರೆ ಮೋಸ, ಹೌದು ಎಂದರೆ ಮುಂದಿನ ಪ್ರಶ್ನೆ. ನೋಡಲು ಚೊಕ್ಕವಾಗಿತ್ತು. ಹಳೆಯ ಕರೆಗಳನ್ನು ಇದರ ಮೇಲೆ ಓಡಿಸಿ ನೋಡಿದಾಗ ಬೇರೆಯೇ ಕಂಡಿತು. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದ್ದವರೊಬ್ಬರಿಗೆ "ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದು ಫೋನ್ ಬಂದಿತ್ತು. ಅವರು ಒತ್ತಿದರು, ದುಡ್ಡು ಹೋಯಿತು. ಅವರನ್ನು "ನೀವೇ ಮಾಡಿದ್ದಾ" ಎಂದು ಕೇಳಿದರೆ "ಹೌದಮ್ಮಾ, ನಾನೇ ಒತ್ತಿದ್ದು" ಅನ್ನುತ್ತಾರೆ. ಟ್ರೀ ಅವರನ್ನು ಸೀದಾ "ತಪ್ಪು ಖಾತೆಗೆ ಕಳಿಸಿದ್ದು" ಎಂಬ ಕವಲಿಗೆ ಕರೆದೊಯ್ಯುತ್ತದೆ. ಅಲ್ಲಿರುವ ಉತ್ತರ: ಆಚೆ ಬ್ಯಾಂಕಿಗೆ ಪತ್ರ ಬರೆಯುತ್ತೇವೆ, ಅವರ ಗ್ರಾಹಕರು ಒಪ್ಪಿದರೆ ಹಣ ಬರುತ್ತದೆ. ಮೋಸಗಾರ ಒಪ್ಪುತ್ತಾನಾ?

ಹೀಗಾಗಿ ಪ್ರಶ್ನೆ ಬದಲಾಯಿತು: "ಯಾರಾದರೂ ನಿಮಗೆ ಫೋನ್ ಮಾಡಿಯೋ, ಲಿಂಕ್ ಕಳಿಸಿಯೋ, ಕ್ಯೂಆರ್ ಕೊಟ್ಟೋ ಇದನ್ನು ಮಾಡಿಸಿದರಾ? ಅಥವಾ ನಿಮಗೆ ಗೊತ್ತಿಲ್ಲದೇ ಹೋಗಿದೆಯಾ?" ಎರಡರಲ್ಲಿ ಯಾವುದಕ್ಕೆ ಹೌದು ಎಂದರೂ ಮೋಸದ ಕವಲು. ಉದ್ದವಾಯಿತು, ನಿಜ. ಆದರೆ ಪಿನ್ ಯಾರು ಒತ್ತಿದರು ಎಂಬುದಕ್ಕಿಂತ ಯಾರು ಒತ್ತಿಸಿದರು ಎಂಬುದೇ ಇಲ್ಲಿ ಬೇಕಾದ್ದು. ಪಿನ್ ತಾನೇ ಒತ್ತಿದೆ ಎಂಬ ನಾಚಿಕೆಗೆ ಜನ ಅರ್ಧ ಮಾತು ನುಂಗುತ್ತಾರೆ. ಈ ಪ್ರಶ್ನೆ ಅವರ ತಪ್ಪನ್ನು ಕೇಳುವುದಿಲ್ಲ, ಹಾಗಾಗಿ ಬಾಯಿ ಬಿಡುತ್ತಾರೆ.

ಇಲ್ಲೇ ಇನ್ನೊಂದು ತಕರಾರು ಎದ್ದಿತು. ಕರೆ ಮಾಡಿದವರು ಖಾತೆದಾರರೇ ಹೌದಾ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಆಮೇಲೇ ಎಲ್ಲ ಎಂದು ಬ್ಯಾಂಕಿನವರು ಪಟ್ಟು ಹಿಡಿದರು. ಎಫ್‌ಎಕ್ಯೂದಲ್ಲಿ ಈ ಹಂತವೇ ಇರಲಿಲ್ಲ, ಪುಟ ಓದುವವರನ್ನು ಯಾರು ಎಂದು ಯಾರೂ ಕೇಳುವುದಿಲ್ಲವಲ್ಲ. ಮೋಸ ಹೋದವರು ಎಷ್ಟೋ ಸಲ ಪಕ್ಕದ ಮನೆಯ ಫೋನಿನಿಂದ ಕರೆ ಮಾಡುತ್ತಾರೆ. ಐದಾರು ಪ್ರಶ್ನೆ ಕೇಳುತ್ತಾ ಕೂತರೆ ಇನ್ನಷ್ಟು ಹಣ ಹೋಗುತ್ತದೆ. ಕೊನೆಗೆ ಎರಡು ಮಟ್ಟ ಮಾಡಲು ಒಪ್ಪಿದರು. ಖಾತೆಯಿಂದ ಹಣ ಹೋಗದಂತೆ ತಡೆಯಲು ಹೆಸರು, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್, ಹುಟ್ಟಿದ ದಿನ ಸಾಕು. ತಪ್ಪಾಗಿ ತಡೆದರೂ ಆಮೇಲೆ ತೆಗೆಯಬಹುದು. ಖಾತೆಯಲ್ಲಿ ಎಷ್ಟಿದೆ, ಯಾರಿಗೆ ಹೋಗಿದೆ ಎಂದು ಹೇಳಬೇಕಾದರೆ ಮಾತ್ರ ಪೂರ್ತಿ ಪರಿಶೀಲನೆ. ಪಿನ್, ಓಟಿಪಿಯನ್ನು ಯಾವ ಮಟ್ಟದಲ್ಲೂ ಕೇಳುವಂತಿಲ್ಲ.

ಟ್ರೀ ಹೇಗೆ ಕಾಣುತ್ತದೆ

ಬಾಣ, ಡಬ್ಬಿ ಬಿಡಿಸಿದ ಚಿತ್ರ ಮಾಡಲಿಲ್ಲ. ಗೋಡೆಗೆ ಅದು ಚೆನ್ನ. ಹೆಡ್‌ಸೆಟ್ ಹಾಕಿಕೊಂಡು ಮಾತಾಡುತ್ತಿರುವವರಿಗೆ ಬಾಣದ ಹಿಂದೆ ಓಡಲು ಆಗುವುದಿಲ್ಲ. ನಂಬರ್ ಹಾಕಿದ ಸಾಲುಗಳ ಪಟ್ಟಿ ಮಾಡಿದೆವು. ಯಾವ ಸಾಲು ಮುಗಿದರೂ ಮುಂದೆ ಯಾವ ನಂಬರಿಗೆ ಹೋಗಬೇಕು ಎಂದು ಅಲ್ಲೇ ಬರೆದಿರುತ್ತದೆ. ಮುಖ್ಯ ಭಾಗ ಇದು:

1. ಕೇಳಿ: ಯಾರಾದರೂ ಮಾಡಿಸಿದರಾ, ಅಥವಾ ಗೊತ್ತಿಲ್ಲದೇ ಹೋಯಿತಾ? ಹೌದು → 10. ಇಲ್ಲ → 2. ಸರಿಯಾಗಿ ಗೊತ್ತಿಲ್ಲ → 10.
2. ಪೂರ್ತಿ ಪರಿಶೀಲನೆ ಮಾಡಿ. ಸರಿ ಇದ್ದರೆ → 3. ಆಗದಿದ್ದರೆ → 30.
3. ಸ್ಕ್ರೀನ್ ನೋಡಿ: ಹಣ ಹೋಗಿದೆಯಾ? ಹೋಗಿಲ್ಲ → 20. ಹೋಗಿ ವಾಪಸ್ ಬಂದಿದೆ → 21. ಹೋಗಿದೆ → 4.
4. ಕೇಳಿ: ಆ್ಯಪಿನಲ್ಲಿ ಏನು ಬರೆದಿದೆ? SUCCESS → 5. PENDING ಅಥವಾ FAILED → 6. ನೋಡಲು ಆಗುತ್ತಿಲ್ಲ → ಪೋರ್ಟಲ್‌ನಲ್ಲಿ ನೋಡಿ, ಹಾಗೇ ಮುಂದುವರಿಯಿರಿ.
5. ಕೇಳಿ: ಬೇಕಾದವರಿಗೇ ಕಳಿಸಿದ್ರಾ? ಬೇರೆಯವರಿಗೆ ಹೋಗಿದೆ → 22. ಅವರಿಗೇ, ಆದರೆ ಬಂದಿಲ್ಲ ಅಂತಾರೆ → 23.
6. ಸ್ಕ್ರೀನ್ ನೋಡಿ: P2P → 24. P2M → 25.

10 ಮೋಸದ ಕವಲಿನ ತಲೆ. ಅಲ್ಲಿ ಪ್ರಶ್ನೆಗಿಂತ ಮೊದಲು ಕೆಲಸ: ಖಾತೆಯಿಂದ ಹಣ ಹೋಗದಂತೆ ಡೆಬಿಟ್ ಫ್ರೀಜ್ ಹಾಕಿ, ದೂರಿನ ನಂಬರ್ ಕೊಡಿ, ಸಮಯ ಬರೆದುಕೊಳ್ಳಿ, 1930ಕ್ಕೆ ಈಗಲೇ ಫೋನ್ ಮಾಡಲು ಹೇಳಿ. ಸಮಯ ಬರೆಯುವುದು ಬರೀ ಶಿಸ್ತಿಗಲ್ಲ. ಅನಧಿಕೃತ ವಹಿವಾಟಿನ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಕೊಟ್ಟ ನಿಯಮದ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ಆದ ನಷ್ಟವಾದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಎಷ್ಟು ಗಂಟೆಗೆ ತಿಳಿಸಿದರು ಎಂಬುದಕ್ಕೆ ಆಮೇಲೆ ಸಾಕ್ಷಿ ಬೇಕಾಗುತ್ತದೆ.

"ಗೊತ್ತಿಲ್ಲ" ಎಂಬುದಕ್ಕೂ ಒಂದು ದಾರಿ ಇರುವುದನ್ನು ಗಮನಿಸಿ. ಹೌದು, ಇಲ್ಲ ಎರಡೇ ಇದ್ದರೆ ಕರೆ ತೆಗೆದವರು ತಮಗೆ ತೋಚಿದ್ದನ್ನು ಆರಿಸಿಬಿಡುತ್ತಾರೆ. ಅನುಮಾನ ಇದ್ದಾಗ ಯಾವ ಕಡೆ ವಾಲಬೇಕು ಎಂದು ನಾವೇ ಬರೆದಿಡಬೇಕು. ಮೊದಲ ಪ್ರಶ್ನೆಯಲ್ಲಿ ಅದು ಮೋಸದ ಕಡೆ. ಸುಮ್ಮನೆ ಫ್ರೀಜ್ ಆದರೆ ಗ್ರಾಹಕರಿಗೆ ಒಂದಿಷ್ಟು ಕಿರಿಕಿರಿ, ಆಗಬೇಕಾದಾಗ ಆಗದಿದ್ದರೆ ಖಾತೆ ಖಾಲಿ.

ಒಂದು ತುದಿಯನ್ನು ಬರೆಯುವುದು

25ನೇ ತುದಿಯನ್ನೇ ತೆಗೆದುಕೊಳ್ಳೋಣ: ಅಂಗಡಿಗೆ ಕಟ್ಟಿದ್ದು, ಹಣ ಹೋಗಿದೆ, PENDING ಇದೆ. ಎಫ್‌ಎಕ್ಯೂ ಇಲ್ಲಿ "ದಯವಿಟ್ಟು ಕಾಯಿರಿ" ಎನ್ನುತ್ತಿತ್ತು. ಫೋನಿನಲ್ಲಿ ಹಾಗೆಂದರೆ ಮುಂದಿನ ಮಾತು "ಎಲ್ಲಿವರೆಗೆ?" ಎಂದೇ ಬರುತ್ತದೆ. ಅದಕ್ಕೆ ಪ್ರತಿ ತುದಿಯಲ್ಲೂ ನಾಲ್ಕು ವಿಷಯ ಇಟ್ಟೆವು. ಗ್ರಾಹಕರಿಗೆ ಹೇಳುವ ಮಾತು, ನಮ್ಮ ಕಡೆ ಮಾಡುವ ಕೆಲಸ, ಅವರು ಮಾಡಬಾರದ್ದು, ಮತ್ತೆ ಫೋನ್ ಮಾಡಬೇಕಾದ ತಾರೀಖು.

ಒಂದು ಕರೆ ಹೀಗೆ ನಡೆಯುತ್ತದೆ. ಶನಿವಾರ ಸಂಜೆ ದಿನಸಿ ಅಂಗಡಿಯಲ್ಲಿ 640 ರೂಪಾಯಿ ಕಟ್ಟಿದ್ದಾರೆ. ಸೌಂಡ್‌ಬಾಕ್ಸ್ ಕೂಗಲಿಲ್ಲ, ಅಂಗಡಿಯವರು ಬಂದಿಲ್ಲ ಎಂದರು. ಸೋಮವಾರ ಬೆಳಿಗ್ಗೆ ಫೋನ್ ಬರುತ್ತದೆ. ಯಾರೂ ಮಾಡಿಸಿದ್ದಲ್ಲ. ಪರಿಶೀಲನೆ ಸರಿ. ಸ್ಕ್ರೀನಿನಲ್ಲಿ ಹಣ ಹೋಗಿದೆ, ವಾಪಸ್ ಬಂದಿಲ್ಲ. ಆ್ಯಪಿನಲ್ಲಿ PENDING. ಪೋರ್ಟಲ್‌ನಲ್ಲಿ P2M. ಶನಿವಾರ ವಹಿವಾಟಿನ ದಿನ, ಅಲ್ಲಿಂದ ಐದನೇ ದಿನ ಗುರುವಾರ. ಆಗ ಹೇಳುವ ಮಾತು: "ಸಾರ್, ಅಂಗಡಿಯವರಿಗೆ ಖಾತ್ರಿ ಆಗಿಲ್ಲ ಅಂದರೆ ಗುರುವಾರದೊಳಗೆ ನಿಮ್ಮ ಖಾತೆಗೇ ವಾಪಸ್ ಬರಬೇಕು. ಬರದಿದ್ದರೆ ಶುಕ್ರವಾರ ಈ ದೂರಿನ ನಂಬರ್ ಹೇಳಿ ಫೋನ್ ಮಾಡಿ, ತಡವಾದ ದಿನಕ್ಕೆ ನೂರು ರೂಪಾಯಿ ಪರಿಹಾರವೂ ಬರುತ್ತದೆ." ನಮ್ಮ ಕಡೆ ಕೆಲಸ: ಯುಟಿಆರ್ ಅಂದರೆ ವಹಿವಾಟಿನ 12 ಅಂಕಿಯ ಗುರುತಿನ ನಂಬರ್ ಬರೆದುಕೊಂಡು ದೂರು ದಾಖಲಿಸುವುದು.

ಮಾಡಬಾರದ್ದರ ಸಾಲಿಗೆ ಬರುವಷ್ಟರಲ್ಲಿ ಈ ಗ್ರಾಹಕರು "ನಾನು ಆಗಲೇ ಇನ್ನೊಂದು ಸಲ ಕಟ್ಟಿಬಿಟ್ಟೆ" ಎನ್ನುತ್ತಾರೆ. ಇದು ಎಷ್ಟು ಸಾಮಾನ್ಯ ಎಂದರೆ 25ಕ್ಕೆ ಒಂದು ಮರಿ ಕವಲೇ ಬೇಕಾಯಿತು. ಮೊದಲನೆಯದು ಆಮೇಲೆ SUCCESS ಆದರೆ ಅಂಗಡಿಗೆ ಎರಡು ಸಲ ಹಣ ಹೋದಂತೆ. ಆಗ ವಾಪಸ್ ಕೊಡಬೇಕಾದವರು ಅಂಗಡಿಯವರು. ಬ್ಯಾಂಕ್ ತಾನಾಗಿ ಅವರ ಖಾತೆಯಿಂದ ತೆಗೆಯಲು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಗುರುವಾರದ ನಂತರ ಆಗುವ ಜಗಳ ತಪ್ಪುತ್ತದೆ.

ಕೆಟ್ಟಿದ್ದು ಎಲ್ಲಿ ಎಂದು ತಿಳಿಯುವುದು

ಕರಡನ್ನು ಪರೀಕ್ಷಿಸಲು ಒಬ್ಬರು ಹಳೇ ಕರೆಯ ಗ್ರಾಹಕರಾಗಿ, ಇನ್ನೊಬ್ಬರು ಟ್ರೀ ಹಿಡಿದು ಕೂತು ಮಾತಾಡಿದರು. ನಾನು ನೋಡುತ್ತಿದ್ದುದು ಒಂದೇ: ಟ್ರೀ ಹಿಡಿದವರು ಎಲ್ಲಿ ಹಿಂದಕ್ಕೆ ಹೋಗುತ್ತಾರೆ? ಮುಂದಿನ ಸಾಲು ಓದಿ, ತಡೆದು, ಮತ್ತೆ ಮೇಲಕ್ಕೆ ಕಣ್ಣು ಹಾಯಿಸಿದರೆ ಅಲ್ಲಿ ಪ್ರಶ್ನೆ ಸರಿಯಿಲ್ಲ ಅಥವಾ ಅದರ ಜಾಗ ಸರಿಯಿಲ್ಲ. ತಮ್ಮ ಮಾತಿನಲ್ಲಿ ಪ್ರಶ್ನೆ ತಿರುಚಿ ಕೇಳಿದರೂ ಅಷ್ಟೇ, ಅವರು ಕೇಳಿದ್ದನ್ನೇ ಟ್ರೀಗೆ ಬರೆದುಕೊಂಡೆವು. "ಫಲಾನುಭವಿಯ ಖಾತೆ" ಹೋಗಿ "ನೀವು ಕಳಿಸಿದವರು" ಬಂದದ್ದು ಹೀಗೆ.

30ನೇ ಸಾಲು ಹೊರಬಾಗಿಲು. ಯಾವ ಕವಲಿಗೂ ಹೊಂದದ ಕರೆ, ಪರಿಶೀಲನೆ ಆಗದ ಕರೆ, ಒಟ್ಟಿಗೆ ಎರಡು ಸಮಸ್ಯೆ ತಂದ ಕರೆ ಎಲ್ಲ ಅಲ್ಲಿಗೆ. ಅಲ್ಲಿ ಸೂಪರ್‌ವೈಸರ್ ಕರೆ ತೆಗೆದುಕೊಳ್ಳುತ್ತಾರೆ, ಗ್ರಾಹಕರು ಹೇಳಿದ ಮೊದಲ ವಾಕ್ಯವನ್ನು ಇದ್ದ ಹಾಗೇ ಬರೆದಿಡುತ್ತಾರೆ. ವಾರಕ್ಕೊಮ್ಮೆ ಆ ವಾಕ್ಯಗಳನ್ನು ಒಟ್ಟಿಗೆ ಓದುವುದು ತಂಡದ ರೂಢಿಯಾಯಿತು.

23ನೇ ತುದಿ ಬದಲಾದದ್ದು ಆ ಪಟ್ಟಿಯಿಂದಲೇ. ಹಣ ಹೋಗಿದೆ, SUCCESS ಇದೆ, ಬೇಕಾದವರಿಗೇ ಹೋಗಿದೆ, ಅವರು ಮಾತ್ರ ಬಂದಿಲ್ಲ ಅನ್ನುತ್ತಾರೆ. ಟ್ರೀ ಹೇಳುತ್ತಿದ್ದುದು "ಯುಟಿಆರ್ ಕೊಟ್ಟು ಅವರ ಬ್ಯಾಂಕಿನಲ್ಲಿ ಕೇಳಲು ಹೇಳಿ." ಕೇಳಿಬಂದವರು ಅಲ್ಲೂ ಇಲ್ಲ ಎಂದು ಮತ್ತೆ ಫೋನ್ ಮಾಡಿ 30ಕ್ಕೆ ಬೀಳುತ್ತಿದ್ದರು. ಪಟ್ಟಿ ಓದಿದಾಗ ಕಾರಣ ಕಂಡಿತು. ಮೊಬೈಲ್ ನಂಬರಿಗೆ ಕಳಿಸಿದ ಹಣ ಆ ನಂಬರಿಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಅದು ಅವರು ದಿನಾ ನೋಡುವ ಖಾತೆ ಆಗಿರಬೇಕಿಲ್ಲ. ಮಗ ಊರಿಗೆ ದುಡ್ಡು ಕಳಿಸಿರುತ್ತಾನೆ, ಅಪ್ಪ ಪಾಸ್‌ಬುಕ್ ಹಿಡಿದು ಪಿಂಚಣಿ ಬರುವ ಬ್ಯಾಂಕಿಗೆ ಹೋಗಿರುತ್ತಾರೆ, ಹಣ ಯಾವಾಗಲೋ ತೆರೆದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಕೂತಿರುತ್ತದೆ. ಈಗ 23ರಲ್ಲಿ ಯುಟಿಆರ್‌ಗಿಂತ ಮೊದಲು ಈ ಸಾಲು ಇದೆ: "ಅವರಿಗೆ ಬೇರೆ ಬ್ಯಾಂಕಿನಲ್ಲೂ ಖಾತೆ ಇದೆಯಾ? ಅವರ ಯುಪಿಐ ಆ್ಯಪಿನಲ್ಲಿ ಹಣ ಬರಲು ಯಾವ ಬ್ಯಾಂಕ್ ಇಟ್ಟಿದ್ದಾರೆ ಅಂತ ನೋಡಲು ಹೇಳಿ." ಅಪ್ಪನಿಗೆ ಆ್ಯಪೇ ಇಲ್ಲದಿದ್ದರೆ, ಆ ಮೊಬೈಲ್ ನಂಬರ್ ಕೊಟ್ಟಿರುವ ಬ್ಯಾಂಕುಗಳಲ್ಲೆಲ್ಲ ಯುಟಿಆರ್ ಹಿಡಿದು ಕೇಳುವುದು ಬಿಟ್ಟು ಬೇರೆ ದಾರಿ ಇಲ್ಲ. ಆ ಸಾಲೂ ಅಲ್ಲೇ ಇದೆ.